ಅಮಾಸಿಯ ಸಂಜೆ ಹಾಕಿದ ತಾರೀಖು

ತಾರೀಖು ಹಾಕಿದ್ದು ನನ್ನ ಗಂಡ. ಹಾಕಲು ಹೇಳಿದ್ದು ಅತ್ತೆ. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ, ನಗುತ್ತಲೂ ಇದ್ದೆ. ಆ ಸಂಜೆ ಯಾರಾದರೂ ನಮ್ಮನ್ನು ನೋಡಿದ್ದರೆ ಈ ಮನೆಯಲ್ಲಿ ಎಲ್ಲರೂ ಸುಖವಾಗಿದ್ದಾರೆ ಅಂದುಕೊಳ್ಳುತ್ತಿದ್ದರು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ಆದದ್ದನ್ನು ನೆನೆದಾಗಲೆಲ್ಲ ನನಗೆ ಆ ನಗುವೇ ಮೊದಲು ಕೇಳುತ್ತದೆ.

ನಾವು ಹಿರೇಕೆರೂರಿನವರು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಗಂಡನದು ಗೋವಿನಜೋಳದ ವ್ಯಾಪಾರ. ಮದುವೆಯಾಗಿ ಬಂದಾಗಿನಿಂದ ಮೈದುನನೂ ನಮ್ಮ ಜೊತೆಗೇ ಇದ್ದ. ಅವನಿಗೆ ಹಾನಗಲ್ಲಿನಲ್ಲಿ ಮೊಬೈಲ್ ರಿಪೇರಿಯ ಅಂಗಡಿ. ದಿನಾ ಬಸ್ಸಿನಲ್ಲಿ ಓಡಾಡಿ ಸಾಕಾಗಿ, ಅಲ್ಲೇ ಮನೆ ಕಟ್ಟಿಸಿದ. ಮನೆ ಮುಗಿಯುವ ಹೊತ್ತಿಗೆ ಇಬ್ಬರೂ ಅಣ್ಣತಮ್ಮಂದಿರು ಕೂತು ಮಾತಾಡಿ ವಾಟ್ನಿ ಮಾಡಿಕೊಂಡರು, ಅಂದರೆ ಮನೆಯ ಸಾಮಾನುಗಳನ್ನು ಪಾಲು ಮಾಡಿಕೊಂಡರು. ಜಗಳವೇನೂ ಇರಲಿಲ್ಲ. ಊರಿನ ಇಬ್ಬರು ಹಿರಿಯರು ಬಂದು ಪಡಸಾಲೆಯಲ್ಲಿ ಕೂತರು. ಕಪಾಟು, ಮಂಚ, ಹಂಡೆ, ಮಿಕ್ಸರು ಎಲ್ಲವನ್ನೂ ತಂದು ಎರಡು ಕಡೆ ಇಟ್ಟೆವು.

ಹಾಗೆ ಇಡುವಾಗ ಟಿವಿಯ ಕೆಳಗಿದ್ದ ಗೇಮ್ ಕನ್ಸೋಲನ್ನೂ ವೈರು ಕಿತ್ತು ತಂದಿಟ್ಟರು. ಅದು ಮೈದುನ ತನ್ನ ಅಂಗಡಿ ಕೈಹಿಡಿದ ವರ್ಷ ತಂದದ್ದು. ಎಂಟು ವರ್ಷದ ಮಗುವಾಗಿದ್ದ ನನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾರು ಓಡಿಸಲು ಕಲಿಸಿದ್ದ. ಈಗ ಅವಳು ಕಾಲೇಜಿನ ಮೊದಲ ವರ್ಷದಲ್ಲಿದ್ದಾಳೆ, ಆದರೂ ಸಂಜೆ ಕಾಕಾ ಬಂದ ಮೇಲೆ ಇಬ್ಬರೂ ಟಿವಿಯ ಮುಂದೆ ಕೂತು ಜಗಳಾಡುತ್ತಲೇ ಆಡುತ್ತಿದ್ದರು. ಹಿರಿಯರೊಬ್ಬರು ಅದನ್ನು ಎತ್ತಿ, "ಇದ್ಯಾರದು?" ಎಂದರು.

"ನಾ ತಂದದ್ದು ಖರೆ. ಆದ್ರ ಆಕಿ ಕಡೆ ಇಡ್ರಿ," ಎಂದ ಮೈದುನ. "ನಾ ಅಲ್ಲೊಂದು ಹಳೇದು ಹುಡುಕ್ತೇನಿ. ಇಲ್ಲಿಂದ ಆಕಿ, ಅಲ್ಲಿಂದ ನಾನು. ನೆಟ್ಟಿನ್ಯಾಗ ಆಡ್ತೀವಿ."

"ಅಂದ್ರ ಬ್ಯಾರೆ ಆದ್ರೂ ಬಿಡಾಂವ ಅಲ್ಲ ನೀ," ಎಂದಳು ಮಗಳು. ಹಿರಿಯರೂ ನಕ್ಕರು.

ಪಾಲೇನೋ ಆಯಿತು. ಆದರೆ ಅಷ್ಟರಲ್ಲಿ ಶೂನ್ಯಮಾಸ ಬಂತು. ಆ ತಿಂಗಳಲ್ಲಿ ಸಾಮಾನು ಹೊಸ ಮನೆಗೆ ಹೊರಡಬಾರದು, ಪಾಲಿನದು ಅಲುಗಬಾರದು ಎಂದು ಅತ್ತೆ ಹೇಳಿದರು. ಹೀಗಾಗಿ ಸಂಕ್ರಾಂತಿ ಬರುವವರೆಗೆ ಎಲ್ಲ ಪಡಸಾಲೆಯಲ್ಲೇ ಇತ್ತು. ಕನ್ಸೋಲೂ ಹಂಡೆಯ ಪಕ್ಕದಲ್ಲಿ, ವೈರು ಸುತ್ತಿಕೊಂಡು, ಕರೆಂಟಿಲ್ಲದೆ ಕೂತಿತ್ತು. ಸಂಕ್ರಾಂತಿಯ ನಂತರ ಟೆಂಪೋ ಬಂತು, ಮೈದುನ ಮತ್ತು ಅವನ ಹೆಂಡತಿ ತಮ್ಮ ಪಾಲು ಹೇರಿಕೊಂಡು ಹಾನಗಲ್ಲಿಗೆ ಹೋದರು. ಹೊಸ ಮನೆಯ ಬಣ್ಣದ ಕೆಲಸ ಬಾಕಿ ಇತ್ತು. ಮನೆ ಒಕ್ಕಲಿಗೆ ಮಾಘದಲ್ಲಿ ದಿನ ನೋಡಿದ್ದರು, ಅಲ್ಲಿಯವರೆಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಇರುವುದೆಂದಾಯಿತು.

ನಾವು ನಮ್ಮ ಪಾಲನ್ನು ಒಳಗೆ ಇಟ್ಟುಕೊಳ್ಳುವ ಹೊತ್ತಿಗೆ ಅಮಾವಾಸ್ಯೆ ಬಂದಿತ್ತು. ಸಂಜೆ ಮಗಳು ಕನ್ಸೋಲಿಗೆ ವೈರು ಹಾಕಿ ಸ್ವಿಚ್ ಒತ್ತಿದಳು. ಪರದೆ ಬೆಳಗಿತು, ಆದರೆ ಆಟ ಬರಲಿಲ್ಲ. ದಿನಾಂಕ ಮತ್ತು ಸಮಯ ಹಾಕಿ ಎಂದು ಕೇಳಿತು.

ಅತ್ತೆ ಗೋಡೆಗೆ ಒರಗಿ ಅವರೆಕಾಯಿ ಸುಲಿಯುತ್ತಿದ್ದರು. "ಏನ್ ಕೇಳಾಕತ್ತೈತಿ ಅದು?" ಎಂದರು.

"ಇವತ್ತು ಯಾವ ದಿನ ಅಂತ ಕೇಳಾಕತ್ತೈತಿ, ಅಜ್ಜಿ."

"ಅಮಾಸಿ ಅಂತ ಹೇಳ್ಬ್ಯಾಡ ಮತ್ತ! ಪಾಲಿಗೆ ಬಂದ ಸಾಮಾನ ಅಮಾಸಿ ದಿನ ಚಾಲೂ ಮಾಡ್ತಾರೇನು? ನಾಳೆ ಹಚ್ಚು."

ಮಗಳ ಮುಖ ಬಾಡಿತು. ನನ್ನ ಗಂಡ ಕೈಯಲ್ಲಿದ್ದ ಚಹಾದ ಬಟ್ಟಲು ಕೆಳಗಿಟ್ಟು, "ಹಂಗಾರ ಬ್ಯಾರೆ ಯಾವದರ ದಿನ ಹೇಳೂಣು. ಯಾವದು ಹೇಳೂಣು, ಅವ್ವಾ?" ಎಂದ.

ಅವನು ಚೇಷ್ಟೆಗೆ ಕೇಳಿದ್ದ. ಅತ್ತೆ ಮಾತ್ರ ಅವರೆಕಾಯಿ ಬಿಟ್ಟು ನಿಜವಾಗಿಯೂ ಯೋಚಿಸಿದರು. "ಅದು ಮನೀಗೆ ಬಂದದ್ದು ವಿಜಯದಶಮಿ ದಿನ. ನಾನ ಅದಕ್ಕ ಕುಂಕುಮಾ ಹಚ್ಚಿದ್ದೆ. ಅದ ತಾರೀಕ ಹಾಕು. ಅಂದ್ರ ಹೊಸಾದಾಗಿ ಚಾಲೂ ಮಾಡಿದಂಗ ಆಗೂದಿಲ್ಲ. ಹಳೇದ ಮುಂದ ನಡದಂಗ ಆಗತೈತಿ."

"ಭಾಳ ಶಾಣ್ಯಾ ಅದೀ ಅವ್ವಾ," ಎಂದ ಗಂಡ. ಮೊಬೈಲಿನಲ್ಲಿ ಹಳೆಯ ಫೋಟೋ ಹುಡುಕಿದ. ಬನ್ನಿ ಎಲೆ, ಕುಂಕುಮ ಹಚ್ಚಿದ ಕನ್ಸೋಲು, ಅದರ ಹಿಂದೆ ಹಲ್ಲು ಬಿದ್ದ ಬಾಯಿ ತೆರೆದು ನಗುತ್ತಿರುವ ಮಗಳು. ಫೋಟೋದ ಕೆಳಗಿದ್ದ ತಾರೀಖನ್ನು ನೋಡಿ ದಿನ, ತಿಂಗಳು, ವರ್ಷ ಒಂದೊಂದಾಗಿ ಏರಿಸಿ ಒತ್ತಿದ. ಗಂಟೆಯನ್ನು ಮಾತ್ರ ಗೋಡೆಯ ಗಡಿಯಾರ ನೋಡಿ ಹಾಕಿದ. "ಬನ್ನಿ ತಗೊಂಡು ಬಂಗಾರದಂಗ ಇರೂಣ," ಎಂದು ಮಗಳ ಕೈಗೆ ರಿಮೋಟ್ ಕೊಟ್ಟ. ಎಲ್ಲರೂ ನಕ್ಕೆವು. ಕನ್ಸೋಲು ಆ ತಾರೀಖನ್ನು ಒಪ್ಪಿಕೊಂಡಿತು. ಡಿಸ್ಕಿನ ಆಟ ಚೆನ್ನಾಗಿ ನಡೆಯಿತು.

ಮರುದಿನ ಬದಲಿಸಬಹುದಿತ್ತು. ಯಾರಿಗೂ ನೆನಪಾಗಲಿಲ್ಲ.

ಆ ದಿನಗಳಲ್ಲಿ ಮನೆಯಲ್ಲಿ ನೆಟ್ ಇರಲಿಲ್ಲ. ಹಳೆಯ ಕನೆಕ್ಷನ್ ಮೈದುನನ ಹೆಸರಿನಲ್ಲಿತ್ತು, ಅವನು ಅದನ್ನು ಬಿಡಿಸಿದ್ದ. ಗಂಡ ತನ್ನ ಹೆಸರಿನಲ್ಲಿ ಹೊಸದಕ್ಕೆ ಹೇಳಿದ್ದ, ಕಂಪನಿಯವರು ಬಂದು ತಂತಿ ಎಳೆಯುವ ಹೊತ್ತಿಗೆ ಅಮಾಸಿಯ ಮಾತು ಹಿಂದೆ ಬಿದ್ದಿತ್ತು. ನೆಟ್ ಬಂದ ಸಂಜೆ ಮಗಳು ಕಾಕಾನಿಗೆ ಫೋನ್ ಮಾಡಿ, "ರೆಡಿ ಆಗು, ಇವತ್ತ ನಿನ್ನ ಬಿಡೂದಿಲ್ಲ," ಎಂದಳು. ಆಮೇಲೆ ಕನ್ಸೋಲಿನಲ್ಲಿ ತನ್ನ ಖಾತೆಗೆ ಸೈನ್ ಇನ್ ಮಾಡಲು ಹೋದಳು. ಆಗಲಿಲ್ಲ.

ಮತ್ತೆ ಮಾಡಿದಳು. ಸ್ವಲ್ಪ ಹೊತ್ತು ಚಕ್ರ ತಿರುಗಿ, ಸೈನ್ ಇನ್ ಆಗಲಿಲ್ಲ ಎಂಬ ಸಾಲು ಬಂತು, ಜೊತೆಗೆ ಒಂದು ಅಂಕಿ. ಕನ್ಸೋಲಿನ ಒಳಗೇ ಇದ್ದ ಬ್ರೌಸರನ್ನು ತೆರೆದರೆ ಪುಟ ಬರುವ ಬದಲು, ಈ ತಾಣದ ಪ್ರಮಾಣಪತ್ರ ಸರಿಯಿಲ್ಲ ಎಂಬ ಎಚ್ಚರಿಕೆ ಬಂತು. ಅದೇ ನೆಟ್ಟಿನಲ್ಲಿ ನನ್ನ ಮೊಬೈಲು ಚೆನ್ನಾಗಿಯೇ ನಡೆಯುತ್ತಿತ್ತು. ಗಂಡ ಅದನ್ನು ಎರಡು ಸಲ ಪರೀಕ್ಷಿಸಿದ. ತಾನು ಹಾಕಿಸಿದ ಹೊಸ ನೆಟ್ಟಿನದು ತಪ್ಪಲ್ಲ ಎಂದು ಖಾತ್ರಿಯಾದ ಮೇಲೆ ಅವನ ಮುಖ ಗಟ್ಟಿಯಾಯಿತು.

"ಈ ಖಾತೆ ಮಾಡಿಕೊಟ್ಟಾಂವ ಯಾರು?" ಎಂದು ಮಗಳನ್ನು ಕೇಳಿದ.

"ಕಾಕಾ. ನಾ ಸಣ್ಣಾಕಿ ಇದ್ನೆಲ್ಲ, ಅವನ ಇಮೇಲ್ ಮ್ಯಾಲ ಮಾಡ್ಯಾನ."

"ಅಂದ್ರ ಪಾಸ್‌ವರ್ಡ್ ಬದಲ್ ಮಾಡೂದು ಅವನ ಕೈಯಾಗ ಐತಿ."

ಅವನು ಅಂಗಳಕ್ಕೆ ಹೋಗಿ ತಮ್ಮನಿಗೆ ಫೋನ್ ಮಾಡಿದ. ನಾನು ಬಾಗಿಲಲ್ಲಿ ನಿಂತು ಕೇಳಿದೆ. ಆಗ ಕೇಳಿದ್ದನ್ನು ಆದಷ್ಟು ಹಾಗೆಯೇ ಬರೆಯುತ್ತೇನೆ.

"ಡಬ್ಬಿ ಕೊಟ್ಟಿ, ಕೀಲಿ ಇಟ್ಕೊಂಡಿ?" ಎಂದ ಗಂಡ. ಆ ಕಡೆಯ ಮಾತು ನನಗೆ ಕೇಳಲಿಲ್ಲ. "ಇಲ್ಲ, ಆಗವಲ್ದು. ನಾಲ್ಕ ಸಲಾ ಹಾಕ್ಯಾಳ... ಪರದೆ ಫೋಟೋ ಗೀಟೋ ತಗದು ಕಳಸೂದಿಲ್ಲ ನಾ. ನನ್ನ ಕಡೆಯಿಂದ ಪರೀಕ್ಷೆ ಬರಸ್ತೀಯೇನು?... ಹೊಸಾ ಪಾಸ್‌ವರ್ಡ್ ಕಳಸು ಹಂಗಾರ. ಈಗ."

ಹೊಸ ಪಾಸ್‌ವರ್ಡ್ ಮಗಳ ಮೊಬೈಲಿಗೆ ಬಂತು. ಅದನ್ನು ಹಾಕಿದರೂ ಅದೇ ಸಾಲು, ಅದೇ ಅಂಕಿ. ಗಂಡ ಮತ್ತೆ ಫೋನ್ ಮಾಡಿದ. ಈ ಸಲ ಅಂಗಳಕ್ಕೆ ಹೋಗಲಿಲ್ಲ. ಅವ್ವ ಇದ್ದಾಳೆ, ಮಗಳಿದ್ದಾಳೆ ಎಂದು ನೋಡಲೂ ಇಲ್ಲ.

"ಒಂದ್ ಆಟದ ಡಬ್ಬಿ ಸಲುವಾಗಿ ಇಷ್ಟ್ ಸಣ್ಣಾಂವ ಆಗ್ತಿ ಅಂತ ತಿಳಿದಿದ್ದಿಲ್ಲ. ಹಿರ್ಯಾರ ಮುಂದ ದೊಡ್ಡ ಮನಸು ಮಾಡಿ ಕೊಟ್ಟಂಗ ಮಾಡಿದಿ, ಹಿಂದಿಂದ ಎಳಕೊಂಡಿ. ನಿನ್ನ ಮನಿ ಒಕ್ಕಲಿಗೆ ನಾ ಬರೂದಿಲ್ಲ. ಒಲಿ ನೀನ ಹಚ್ಚಿಕೋ."

ಇಷ್ಟು ಹೇಳಿ ಫೋನ್ ಇಟ್ಟ.

ಒಲೆಯ ಮಾತು ಹೊರಗಿನವರಿಗೆ ಅರ್ಥವಾಗಲಿಕ್ಕಿಲ್ಲ. ನಮ್ಮ ಮನೆತನದಲ್ಲಿ ಯಾರು ಹೊಸ ಮನೆ ಮಾಡಿದರೂ ಅಲ್ಲಿನ ಮೊದಲ ಬೆಂಕಿ ಹಳೆಯ ಮನೆಯಿಂದಲೇ ಹೋಗಬೇಕು. ಹಿಂದೆ ಬೋಗುಣಿಯಲ್ಲಿ ಕೆಂಡ ಒಯ್ಯುತ್ತಿದ್ದರಂತೆ. ಈಗ ನಮ್ಮ ಅಡುಗೆಮನೆಯ ಕಡ್ಡಿಪೆಟ್ಟಿಗೆ ಒಯ್ಯುತ್ತೇವೆ. ಒಯ್ಯುವವನು ಮನೆಯ ಹಿರಿಯ ಮಗ, ಹಚ್ಚುವವನೂ ಅವನೇ. ಅವನು ಬಾರದಿದ್ದರೆ ಹಾಲು ಉಕ್ಕುವುದಿಲ್ಲ. ಊರಿಗೆಲ್ಲ ಗೊತ್ತಾಗುತ್ತದೆ. ಅಣ್ಣತಮ್ಮಂದಿರು ಬೇರೆಯಾಗುವುದು ಬೇರೆ, ಬಿಟ್ಟುಹೋಗುವುದು ಬೇರೆ. ಆ ಸಂಜೆ ಎರಡನೆಯದಾಯಿತು.

ಅತ್ತೆ ಆ ರಾತ್ರಿ ಊಟಕ್ಕೆ ಏಳಲಿಲ್ಲ. "ನನ್ನ ಕಣ್ಣ ಮುಂದ ಮನಿ ಒಡೀತು," ಎಂದಷ್ಟೇ ಅಂದರು.

ವಾರ ಕಳೆಯಿತು. ಗಂಡ ತಮ್ಮನ ಹೆಸರೆತ್ತಲಿಲ್ಲ. ಮಗಳು ಒಬ್ಬಳೇ ಡಿಸ್ಕಿನ ಆಟ ಆಡುತ್ತಿದ್ದಳು. ಒಂದು ಶನಿವಾರ ನಾನು ಅರ್ಧ ದಿನದ ಶಾಲೆ ಮುಗಿಸಿ ಬಂದಾಗ ಅವಳು ರಿಮೋಟ್ ಹಿಡಿದು ಗೊಣಗುತ್ತಿದ್ದಳು.

"ಅವ್ವಾ, ನಿನ್ನೆ ಆಡಿ ಉಳಿಸಿದ್ದು ಕಾಣವಲ್ದು. ಮ್ಯಾಲ ಇರಬೇಕು."

ನಾನು ಅವಳ ಪಕ್ಕ ಕೂತು ನೋಡಿದೆ. ಉಳಿಸಿದ ಆಟಗಳ ಸಾಲಿತ್ತು, ಹೊಸದು ಮೇಲೆ, ಹಳೆಯದು ಕೆಳಗೆ. ಅವಳು ಕೆಳಗೆ, ಇನ್ನೂ ಕೆಳಗೆ ಹೋದಳು. ಅವಳ ನಿನ್ನೆಯ ಆಟ, ಕಳೆದ ವರ್ಷ ಕಾಕಾನ ಜೊತೆ ಆಡಿದ್ದಕ್ಕಿಂತ ಎಷ್ಟೋ ಕೆಳಗೆ, ತಳದಲ್ಲಿ ಬಿದ್ದಿತ್ತು. ಅದರ ಮುಂದಿದ್ದ ತಾರೀಖು ಎಷ್ಟೋ ವರ್ಷ ಹಿಂದಿನ ದಸರೆಯ ನಂತರದ ಒಂದು ದಿನದ್ದು.

"ಏನಿದು ವಿಚಿತ್ರ," ಎಂದು ನಕ್ಕು ಅವಳು ಕ್ಲಾಸಿಗೆ ಹೊರಟುಹೋದಳು. ನಾನು ನಗಲಿಲ್ಲ. ನನಗೆ ಚಹಾದ ಬಟ್ಟಲು, ಬನ್ನಿ ಎಲೆಯ ಫೋಟೋ, ಒಂದೊಂದಾಗಿ ಏರಿದ ಅಂಕಿ ಎಲ್ಲ ಒಮ್ಮೆಲೇ ಕಂಡವು. ಅಂದಿನಿಂದ ಈ ಯಂತ್ರ ನಾವು ಹೇಳಿದ ದಿನದಿಂದಲೇ ದಿನ ಎಣಿಸುತ್ತ ಬಂದಿತ್ತು. ನಮ್ಮ ಮಾಘ ಅದಕ್ಕೆ ಇನ್ನೂ ಎಷ್ಟೋ ವರ್ಷ ದೂರದಲ್ಲಿತ್ತು.

ತಾರೀಖಿಗೂ ಸೈನ್ ಇನ್‌ಗೂ ಏನು ಸಂಬಂಧ ಎಂಬುದು ನನಗೆ ಆಗ ಸ್ಪಷ್ಟವಾಗಿ ಗೊತ್ತಿರಲಿಲ್ಲ. ಆದರೂ ಸೆಟ್ಟಿಂಗಿಗೆ ಹೋಗಿ, ಮೊಬೈಲು ನೋಡಿ, ಆ ದಿನದ ತಾರೀಖನ್ನೂ ಗಂಟೆಯನ್ನೂ ಸರಿಯಾಗಿ ಹಾಕಿದೆ. ಬ್ರೌಸರ್ ತೆರೆದೆ. ಎಚ್ಚರಿಕೆ ಬರಲಿಲ್ಲ, ಪುಟ ಬಂತು. ಮೈದುನ ಕಳಿಸಿದ್ದ ಪಾಸ್‌ವರ್ಡ್ ಮಗಳು ಬರೆದಿಟ್ಟಿದ್ದಳು, ಹಾಕಿದೆ. ಚಕ್ರ ಒಂದು ಸುತ್ತು ತಿರುಗಿ, ಅವಳ ಖಾತೆ ತೆರೆದುಕೊಂಡಿತು.

ಅತ್ತೆ ಬಾಗಿಲ ಬಳಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದರು. "ಸರಿ ಆತೇನು?" ಎಂದರು.

"ಆತ್ರಿ."

"ಏನಾಗಿತ್ತು?"

ಇಲ್ಲಿ ನಾನು ನಿಜ ಹೇಳಬೇಕಿತ್ತು. ಹೇಳಿದರೆ ಅವರು ಹೇಳಿಸಿದ ತಾರೀಖಿನಿಂದಲೇ ಇಬ್ಬರು ಮಕ್ಕಳು ಮಾತು ಬಿಟ್ಟರು ಎಂದು ಹೇಳಿದಂತಾಗುತ್ತಿತ್ತು. ಮನೆ ಒಡೆಯಿತು ಎಂದು ಮೊದಲೇ ನೊಂದಿದ್ದರು. ಆ ಕೆಂಪು ಬೆರಳುಗಳನ್ನು ನೋಡುತ್ತ, "ಏನೋ ಆಗಿತ್ರಿ. ತಾನ ಸರಿ ಆತು," ಎಂದೆ. ಬಹಳ ಮೆತ್ತಗಿನ ಸುಳ್ಳು. ಆಗ ಅದು ದಯೆಯೆಂದೇ ನನಗೆ ಅನಿಸಿತ್ತು.

ಸಂಜೆ ಗಂಡ ಬಂದ. ಮಗಳು ಕುಣಿಯುತ್ತ ಹೇಳಿದಳು. ಅವನು ಪರದೆಯನ್ನು ನೋಡಿದ, ಚಪ್ಪಲಿ ಬಿಡುವುದನ್ನೂ ಮರೆತು ನಿಂತ. ಆಮೇಲೆ ನಿಧಾನಕ್ಕೆ ನಕ್ಕ.

"ನೋಡಿದ್ಯಾ? ಬೈದ ಮ್ಯಾಲ ಬಿಟ್ಟ. ವಾರ ತಡದು ಕೀಲಿ ತಗದ."

ನನ್ನ ಕೈಯಲ್ಲಿ ನೀರಿನ ತಂಬಿಗೆ ಇತ್ತು. ನಾನು ಸರಿಪಡಿಸಿದ್ದೇ ಮೈದುನನ ತಪ್ಪಿಗೆ ಸಾಕ್ಷಿಯಾಗಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಅವನು, "ಇರಲಿ ಬಿಡು. ಸಣ್ಣಾಂವ. ತಪ್ಪು ತಿಳಕೊಂಡಾನ. ಮನಿ ಒಕ್ಕಲಿಗೆ ಹೋಗೂಣು. ಕಡ್ಡಿಪೆಟಿಗಿ ತಗದಿಡು," ಎಂದ. ಅತ್ತೆ ಒಳಗಿನಿಂದ, "ಯಪ್ಪಾ, ಛಲೋ ಆತು," ಎಂದರು. ನಾನು ತಂಬಿಗೆಯನ್ನು ಅವನ ಕೈಗೆ ಕೊಟ್ಟೆ. ಮೊದಲು ಒಲೆ ಹೊತ್ತಿಕೊಳ್ಳಲಿ, ಆಮೇಲೆ ಹೇಳಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ಮನೆ ಒಕ್ಕಲಿಗೆ ತಿಳವಳ್ಳಿಯ ಮೇಲೆ ಹೋಗುವ ಬೆಳಗಿನ ಬಸ್ಸಿಗೆ ಹೋದೆವು. ಕಡ್ಡಿಪೆಟ್ಟಿಗೆ ಗಂಡನ ಅಂಗಿಯ ಕಿಸೆಯಲ್ಲಿತ್ತು, ಅದನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ. ಹೊಸ ಮನೆಯ ಹೊಸ್ತಿಲಲ್ಲಿ ಮೈದುನ ಹೊಸ ಪಂಚೆಯುಟ್ಟು ನಿಂತಿದ್ದ. ಅಣ್ಣನನ್ನು ಕಂಡು ಅವನ ಮುಖ ಒಮ್ಮೆ ಸಡಿಲವಾಗಿ ಮತ್ತೆ ಬಿಗಿಯಾಯಿತು. ಕಾಲು ಮುಟ್ಟಿ ನಮಸ್ಕರಿಸಿದ. ಅವನ ಹೆಂಡತಿಯ ತವರಿನವರು, ಅಂಗಡಿಯ ಅಕ್ಕಪಕ್ಕದವರು ಸುತ್ತ ಇದ್ದರು.

ಗಂಡ ಅವನ ಭುಜ ಹಿಡಿದು ಎತ್ತಿ, ಎಲ್ಲರಿಗೂ ಕೇಳುವಂತೆ, "ನಂದೊಂದು ಮಾತಿಗೆ ಹೆದರಿ ಕೀಲಿ ತಗದಾನ್ರಿ ಇಂವ. ಇಲ್ಲಂದ್ರ ನಾ ಬರತಿದ್ದಿಲ್ಲ," ಎಂದು ನಕ್ಕ. ಪ್ರೀತಿಯಿಂದಲೇ ಹೇಳಿದ. ಅದು ಇನ್ನೂ ಕಷ್ಟವಾಗಿತ್ತು.

ಮೈದುನ ಅಣ್ಣನನ್ನು ನೋಡಿದ. ಆಮೇಲೆ ಅಣ್ಣನ ಭುಜದಾಚೆ ನಿಂತಿದ್ದ ನನ್ನನ್ನು ನೋಡಿದ. ನಾನು ಕಣ್ಣು ತಗ್ಗಿಸಿದೆ.

"ಹೌದಣ್ಣಾ. ನಂದ ತಪ್ಪು. ಈಗ ಸರಿ ಮಾಡೇನಿ. ಬಾ, ಒಲಿ ಹಚ್ಚು," ಎಂದ.

ಗಂಡ ಒಲೆ ಹಚ್ಚಿದ. ಮೊದಲ ಕಡ್ಡಿ ಗಾಳಿಗೆ ಆರಿತು, ಎರಡನೆಯದು ಹತ್ತಿತು. ಹಾಲು ಉಕ್ಕಿದಾಗ ಹೆಂಗಸರು ಆರತಿ ಹಾಡಿದರು. ನಾನೂ ಹಾಡಿದೆ.

ಊಟದ ಗದ್ದಲದಲ್ಲಿ ಹಿತ್ತಲಿನ ನಲ್ಲಿಯ ಹತ್ತಿರ ಮೈದುನ ಒಬ್ಬನೇ ಸಿಕ್ಕ, ಹೋಳಿಗೆಯ ಪಾತ್ರೆ ತೊಳೆಯುತ್ತಿದ್ದ. ನಾನು ಹತ್ತಿರ ಹೋಗಿ, "ತಾರೀಕು ತಪ್ಪಿತ್ತಪ್ಪಾ. ನಾವ ತಪ್ಪು ಹಾಕಿದ್ವಿ," ಎಂದೆ. ಅಮಾಸಿಯ ಸಂಜೆಯಿಂದ ಶನಿವಾರದವರೆಗಿನ ಎಲ್ಲವನ್ನೂ ಹೇಳಿದೆ. ಅವನು ಆಶ್ಚರ್ಯಪಡಲಿಲ್ಲ.

"ಫೋನ್ ಇಟ್ಟ ಮ್ಯಾಲ ನನಗೂ ಹಂಗ ಅನಿಸಿತ್ರಿ ವೈನಿ. ಒಂದ್ ತಿಂಗಳು ಕರೆಂಟಿಲ್ದ ಇಟ್ಟಿದ್ವಿ. ಒಳಗ ಗುಂಡೀ ಸೆಲ್ಲೊಂದು ಇರತೈತಿ, ಹಳೇದಾಗಿ ಸತ್ತಿರಬೇಕು. ಅದು ಸತ್ರ ತಾರೀಕ ಮರೀತೈತಿ. ಅಂಗಡಿಗೆ ಬರೂ ಹಳೇ ಮೊಬೈಲೂ ಹಂಗ ಮಾಡ್ತಾವು. ಆದ್ರ ದಸರಾದ ತಾರೀಕ ಹಾಕಿದ್ರಿ ಅಂತ ಮಾತ್ರ ಗೊತ್ತಿದ್ದಿಲ್ಲ ನೋಡ್ರಿ," ಎಂದು ಸ್ವಲ್ಪ ನಕ್ಕ.

"ತಾರೀಕು ತಪ್ಪಿದ್ರ ಪಾಸ್‌ವರ್ಡ್ ಯಾಕ ತಗೊಳ್ಳಲಿಲ್ಲ?"

"ಪಾಸ್‌ವರ್ಡ್ ತನಕ ಹೋಗೇ ಇಲ್ರಿ. ಆ ಕಡೆಯಿಂದ ಮೊದಲ ಒಂದು ಪ್ರಮಾಣಪತ್ರ ಬರತೈತಿ. ನಾ ಖರೇನ ಆಟದ ಕಂಪನಿ ಸರ್ವರ್ ಅದೇನಿ, ಈ ದಿನದಿಂದ ಆ ದಿನದ ತನಕ ನನ್ನ ನಂಬು ಅಂತ. ನಮ್ಮ ಡಬ್ಬಿ ತನ್ನ ಗಡಿಯಾರ ನೋಡ್ಕೋತೈತಿ. ಅದರ ಲೆಕ್ಕದಾಗ ಆ ದಿನಾ ಇನ್ನೂ ಬಂದ ಇಲ್ಲ. ಇದು ಸುಳ್ಳು ಪತ್ರ ಅಂತ ತಿಳಕೊಂಡು ಬಾಗಿಲದಾಗ ನಿಂತು ಬಿಡತೈತಿ. ನಾ ಹೊಸಾ ಪಾಸ್‌ವರ್ಡ್ ಕೊಟ್ರೇನು, ಹಳೇದು ಕೊಟ್ರೇನು."

"ಗೊತ್ತಿದ್ದೂ ಯಾಕ ಒಪ್ಪಿಕೊಂಡಿ, ಎಲ್ಲಾರ ಮುಂದ?"

ಅವನು ನಲ್ಲಿ ತಿರುಗಿಸಿ ನೀರು ನಿಲ್ಲಿಸಿದ. "ಅಣ್ಣ ಬಂದಾನ. ಸಾಕು. ನೀವೂ ಹೇಳಬ್ಯಾಡ್ರಿ. ಮತ್ತ, ಕರೆಂಟ್ ಹೋದ್ರ ಇನ್ವರ್ಟರ್ ಐತಿ, ಆ ಡಬ್ಬಿ ಪ್ಲಗ್ ಮಾತ್ರ ಕೀಳಬ್ಯಾಡ್ರಿ, ಕಿತ್ರ ಮತ್ತ ಮರೀತೈತಿ. ಮುಂದಿನ ಸಲ ಬಂದಾಗ ಸೆಲ್ ಬದಲ್ ಮಾಡ್ತೇನಿ."

ಹೇಳಬೇಡಿ ಎಂದನಲ್ಲ ಎಂಬ ನೆಪ ನನಗೆ ಸಿಕ್ಕಿತು. ಆ ನೆಪವನ್ನು ಹಿಡಿದುಕೊಂಡೇ ಹಿರೇಕೆರೂರಿಗೆ ಬಂದೆ. ಸಂಜೆ ಸಂಜೆ ಕಾಕಾನೂ ಮಗಳೂ ನೆಟ್ಟಿನಲ್ಲಿ ಆಡುತ್ತಿದ್ದರು. ಮನೆಯಲ್ಲಿ ಮತ್ತೆ ಗದ್ದಲ, ನಗು. ಎಲ್ಲ ಸರಿಯಾಯಿತು ಅನ್ನಬಹುದಿತ್ತು.

ಆದರೆ ಗಂಡ ಆ ಕತೆಯನ್ನು ಹೇಳತೊಡಗಿದ. ಮೊದಲು ಗೋವಿನಜೋಳ ಮಾರುವ ಅಡತಿ ಅಂಗಡಿಯಲ್ಲಿ, ಆಮೇಲೆ ಓಣಿಯ ಕಟ್ಟೆಯ ಮೇಲೆ. ತಮ್ಮ ಹೇಗೆ ಡಬ್ಬಿ ಕೊಟ್ಟು ಕೀಲಿ ಇಟ್ಟುಕೊಂಡ, ತಾನು ಹೇಗೆ ಒಂದೇ ಮಾತಿಗೆ ಬಗ್ಗಿಸಿದೆ ಎಂದು. ದ್ವೇಷವಿರಲಿಲ್ಲ, ಮನೆಯ ಹಿರಿಯನ ಹೆಮ್ಮೆ ಅಷ್ಟೆ. ಪಕ್ಕದ ಮನೆಯ ಬೀಜದಂಗಡಿಯವರಿಗೆ ಅದು ಬಹಳ ಹಿಡಿಸಿತ್ತು. "ಹೇಳ್ರಿ ಮತ್ತ, ನಿಮ್ಮ ತಮ್ಮನ ಕೀಲಿ ಕತಿ," ಎಂದು ಕೇಳಿ ಹೇಳಿಸುತ್ತಿದ್ದರು.

ಒಂದು ಸಂಜೆ ಕಟ್ಟೆಯ ಮೇಲೆ ಆ ಕತೆ ನಡೆದಿದ್ದಾಗ, ಒಳಗೆ ಅತ್ತೆ ರೊಟ್ಟಿಯ ಬುಟ್ಟಿ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದರು. "ನನ್ನ ಸಣ್ಣ ಮಗ ಹಂತಾಂವ ಇದ್ದಿದ್ದಿಲ್ಲ," ಎಂದರು. ನನಗೆ ಹೇಳಿದರೋ, ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ. "ಕೂಸಿನ ಆಟಾ ಕಸ್ಕೊಳ್ಳೂವಂಗ ಯಾಕ ಆದ? ಬ್ಯಾರೆ ಆದ ಮ್ಯಾಲ ಹಂಗ ಆಗ್ತಾರೇನ? ಅಂವನ ಬಾಯಲೆ ತಪ್ಪು ಒಪ್ಪಿಕೊಂಡಾನಲ್ಲ."

ಅವರ ಕಣ್ಣಲ್ಲಿ ನೀರಿತ್ತು. ಅವರನ್ನು ಉಳಿಸಲೆಂದು ನಾನು ಸುಳ್ಳು ಹೇಳಿದ್ದೆ. ಆ ಸುಳ್ಳು ಅವರಿಂದ ಅವರ ಮಗನನ್ನೇ ಕಸಿದುಕೊಂಡಿತ್ತು.

ಗಂಡ ಒಳಗೆ ಬಂದ ಮೇಲೆ ಅಡುಗೆಮನೆಯಲ್ಲಿ, ಇಬ್ಬರ ಮುಂದೆ ಹೇಳಿದೆ. ಏನನ್ನೂ ಬಿಡಲಿಲ್ಲ. ಹೇಳುವಾಗ ನನ್ನ ದನಿ ಪಾಠ ಓದಿದ ಹಾಗೆ ಬರುತ್ತಿತ್ತು.

ಅತ್ತೆಯೇ ಮೊದಲು ಮಾತಾಡಿದರು. "ನಾನ ಹೇಳಿದ್ನೆಲ್ಲ. ದಸರಾದ್ದು ಹಾಕು ಅಂತ."

"ನೀವು ಹೇಳಿದ್ರಿ. ಅವರು ಹಾಕಿದ್ರು. ನಾ ನೋಡ್ಕೋತ ಕುಂತಿದ್ದೆ."

ಗಂಡ ನನ್ನ ಕಡೆ ತಿರುಗಿದ. "ಸರಿ ಮಾಡಿದಾಕಿ ನೀ?"

"ಹೌದ್ರಿ. ಶನಿವಾರ."

"ಮತ್ತ ಅಂವ ಯಾಕ ತಾನ ಮಾಡೇನಿ ಅಂದ? ಅಷ್ಟ್ ಮಂದಿ ಮುಂದ?"

"ನೀವು ಒಲಿ ಹಚ್ಚಬೇಕಾಗಿತ್ತಲ್ರಿ."

ಅವನು ನನ್ನನ್ನು ಬೈಯಲಿ ಎಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು. ಅತ್ತೆ ಬುಟ್ಟಿಯ ಮೇಲಿನ ಬಟ್ಟೆಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

ಆಮೇಲಿನ ದಿನಗಳಲ್ಲಿ ಒಮ್ಮೆ ಬೀಜದಂಗಡಿಯವರು ಕಟ್ಟೆಯ ಮೇಲೆ ಕೂತು, "ಎಲ್ರೀ ಕೀಲಿ ಕತಿ?" ಎಂದು ಕೂಗಿದ್ದು ನನಗೆ ಕೇಳಿತು. "ಕೀಲಿ ಇದ್ದಿದ್ದಿಲ್ರಿ. ತಾರೀಕ ತಪ್ಪಿತ್ತು," ಎಂದ ಗಂಡ.

"ಯಾರ ತಾರೀಕ?"

"ನಮ್ದ."

ಅವರಿಗೆ ರುಚಿಸಲಿಲ್ಲ, ಗೋವಿನಜೋಳದ ಮಾತಿಗೆ ಹೋದರು.

ಕಟ್ಟೆಯ ಮೇಲೆ ಹೇಳಿದ್ದನ್ನು ತಮ್ಮನಿಗೆ ಹೇಳುವುದು ಮಾತ್ರ ಅವನಿಂದ ಆಗುತ್ತಿರಲಿಲ್ಲ. ಫೋನ್ ಕೈಗೆತ್ತಿಕೊಳ್ಳುವುದನ್ನೂ ಕೆಳಗಿಡುವುದನ್ನೂ ನಾನು ನೋಡಿದ್ದೇನೆ. ಒಂದು ಸಂಜೆ ಮಗಳು ಕಾಕಾನ ಜೊತೆ ಆಡುತ್ತಿದ್ದಳು. ಗಂಡ ಅವಳ ಹಿಂದೆ ಬಂದು ನಿಂತ. ಪರದೆಯ ಮೂಲೆಯಲ್ಲಿ ಗಂಟೆ ಸಣ್ಣದಾಗಿ ಕಾಣುತ್ತಿತ್ತು. ಅದನ್ನು ನೋಡಿದ, ಗೋಡೆಯ ಗಡಿಯಾರವನ್ನು ನೋಡಿದ. ಆಮೇಲೆ ಕೈ ಚಾಚಿ, "ಅದನ್ನ ಕೊಡಿಲ್ಲೆ," ಎಂದು ಅವಳ ಹೆಡ್‌ಫೋನ್ ಕೇಳಿದ.

ತಲೆಗೆ ಹಾಕಿಕೊಳ್ಳಲು ಬಾರದೆ ಒಂದೇ ಕಿವಿಗೆ ಒತ್ತಿ ಹಿಡಿದ. "ನಾನಪ್ಪಾ," ಎಂದ. ಆ ಕಡೆಯ ಆಟದ ಕಾರಿನ ಸದ್ದು ನಿಂತಿತು. ಹೆಡ್‌ಫೋನಿನ ಇನ್ನೊಂದು ಬಟ್ಟಲಿನಿಂದ ಮೈದುನನ ದನಿ ನಮಗೂ ಸಣ್ಣದಾಗಿ ಕೇಳುತ್ತಿತ್ತು.

"ಹೇಳಣ್ಣಾ."

ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು. ಗಂಡ ಕೇಳಿದ್ದು ಇಷ್ಟೆ.

"ಅಲ್ಲೆ ಈಗ ಟೈಮ್ ಎಷ್ಟ್ ಆಗೇತಿ?"

ಮೈದುನ ಹೇಳಿದ. "ನಿಮ್ಮಲ್ಲೆ ಎಷ್ಟ್ ಆಗೇತೋ ಅಷ್ಟ ಆಗೇತಿ, ಅಣ್ಣಾ."

ಗಂಡ ಹೆಡ್‌ಫೋನನ್ನು ಮಗಳಿಗೆ ಕೊಡದೆ, ಹಾಗೆಯೇ ಕಿವಿಗೆ ಹಿಡಿದುಕೊಂಡು ಅವಳ ಪಕ್ಕ ನೆಲದ ಮೇಲೆ ಕೂತ.